ಹಿಂದಿದ್ದವರಿಗೆ ಹೇಳದ ಮಾತು

"ತೇರು ಇನ್ನೈದೇ ನಿಮಿಷದಲ್ಲಿ ಹೊರಡುತ್ತದೆ. ಭಕ್ತಾದಿಗಳೆಲ್ಲರೂ ಬೇಗ ಬೇಗ ಗುಡಿಯ ಮುಂದಕ್ಕೆ ಬರಬೇಕು."

ಕೆಂಗಲ್ ಆಂಜನೇಯನ ತೇರಿನ ದಿನ ಮೈಕು ಹಿಡಿದು ನಾನು ಹೇಳಿದ ಮಾತು ಇದು. ಬರೆದುಕೊಟ್ಟವರು ಯಾರೂ ಇರಲಿಲ್ಲ. ಉತ್ಸಾಹದಲ್ಲಿ ತಾನಾಗಿ ಬಂತು. ಗುಡಿ ಇರುವುದು ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯ ಪಕ್ಕದಲ್ಲೇ, ರಾಮನಗರ ದಾಟಿ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಅಯ್ಯನಗುಡಿ ಜಾತ್ರೆಗೆ ಹಳ್ಳಿಕಾರ್ ಜೋಡಿಗಳನ್ನು ಹೊಡೆದುಕೊಂಡು ಬರುವ ರೈತರೇ ಒಂದು ದೊಡ್ಡ ಸಮೂಹ. ಅವರು ದನ ಕಟ್ಟಿದ ಬಯಲಲ್ಲಿ ಇರುತ್ತಾರೆ. ಅಂಗಡಿ ಸಾಲಿನಲ್ಲಿ ಇನ್ನೊಂದಷ್ಟು ಜನ, ಊಟದ ಪಂಕ್ತಿಯಲ್ಲಿ ಮತ್ತೊಂದಷ್ಟು. ಹೀಗೆ ಚದುರಿದ್ದವರೆಲ್ಲ ನನ್ನ "ಬೇಗ" ಕೇಳಿ ಒಂದೇ ಹೊತ್ತಿಗೆ ಎದ್ದು ಬಂದರು.

ಗುಡಿಯ ಮುಂದೆ ಇಕ್ಕಟ್ಟಾದದ್ದು ಕಂಡಾಗ ನನಗೆ ಗಾಬರಿಯಾಯಿತು. ದನಿ ಏರಿಸಿ ಕೂಗಿದೆ: "ಮುಂದಿರುವವರು ಹಿಂದಕ್ಕೆ ಸರಿಯಿರಿ! ತಳ್ಳಬೇಡಿ! ಅಪಾಯ ಇದೆ!" ಮುಂದಿದ್ದವರು ಮಾತು ಕೇಳಿದರು. ಕೇಳಿದ್ದೇ ತೊಂದರೆಯಾಯಿತು. ತೇರಿಗೆ ಬೆನ್ನು ಮಾಡಿ ಹಿಂದಕ್ಕೆ ತಿರುಗಿದರು. ಹಿಂದಿನಿಂದ ಬರುತ್ತಿದ್ದವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ, "ಅಪಾಯ" ಎಂಬ ಒಂದು ಪದ ಮಾತ್ರ ಕಿವಿಗೆ ಬಿದ್ದಿತ್ತು. ಎರಡೂ ಕಡೆಯ ಒತ್ತಡ ಹಗ್ಗದ ಹತ್ತಿರ ಸೇರಿತು. ಒಬ್ಬ ಅಜ್ಜಿ ಹಗ್ಗಕ್ಕೆ ಕಾಲು ತೊಡರಿ ಬಿದ್ದರು, ಅವರ ಮೇಲೆ ಇನ್ನಿಬ್ಬರು. ಗಾಲಿ ಇನ್ನೂ ಉರುಳಿರಲಿಲ್ಲ, ಜೀವ ಉಳಿಯಿತು. ಅಜ್ಜಿಯ ಮುಂಗೈ ಮೂಳೆ ಮುರಿಯಿತು. ಕ್ಷಮೆ ಕೇಳಲು ಹೋದಾಗ ಅವರ ಪಕ್ಕ ಕೂತಿದ್ದ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: "ಹಿಂದಕ್ಕೆ ಹೋಗಿ ಅಂತ ನಮ್ಗೆ ಹೇಳ್ದೆ ಕನಪ್ಪ. ಹಿಂದಿದ್ದೋರ್ಗೆ ನಿಂತ್ಕಳಿ ಅಂತ ಯಾಕ್ ಹೇಳ್ನಿಲ್ಲ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜನಜಂಗುಳಿಯಲ್ಲಿ ಒತ್ತಡ ಹುಟ್ಟುವುದು ಹಿಂದೆ, ಪೆಟ್ಟು ಬೀಳುವುದು ಮುಂದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ನಾಲ್ಕು ಜನ ನಿಂತರೂ ಮೈ ತಿರುಗಿಸಬಹುದು, ಹೆಜ್ಜೆ ಇಡಬಹುದು. ಆರೇಳು ಜನವಾದರೆ ಯಾರ ದೇಹವೂ ಅವರ ಸ್ವಾಧೀನದಲ್ಲಿ ಇರುವುದಿಲ್ಲ, ಗುಂಪು ನೂಕಿದ ಕಡೆ ಸಾಗುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರಿಗೆ "ಸರಿಯಿರಿ" ಎಂದರೆ ಆಗದ ಕೆಲಸ ಹೇಳಿದಂತೆ. ಮಾತು ಕೇಳಿ ನಡೆಯಲು ಸಾಧ್ಯವಿರುವವರು ಹಿಂದೆ, ಸಡಿಲವಾಗಿ ನಿಂತಿರುವವರು. ಅವರಿಗೆ ಕೇಳುವ ಹಾರ್ನ್ ಇರಬೇಕು, ಅವರನ್ನೇ ಕರೆದು ಹೇಳಬೇಕು.

ಹೇಗೆ ಕರೆಯುವುದು? ಎಡಗಡೆ, ಬಲಗಡೆ ಎನ್ನುವಂತಿಲ್ಲ. ತೇರಿಗೆ ಮುಖ ಮಾಡಿದವರ ಎಡ, ಬೆನ್ನು ಮಾಡಿದವರ ಬಲ. ಕೆಂಗಲ್ಲಿನಲ್ಲಿ ಆ ಕಷ್ಟವಿಲ್ಲ, ಹೆದ್ದಾರಿಯೇ ಎರಡು ದಿಕ್ಕು ಕೊಟ್ಟಿದೆ. "ರಾಮನಗರದ ಕಡೆ", "ಚನ್ನಪಟ್ಟಣದ ಕಡೆ" ಎಂದರೆ ಮಕ್ಕಳಿಗೂ ಗೊತ್ತು. ಮೂರನೆಯದು "ದನ ಕಟ್ಟಿರುವ ಬಯಲು".

ಇನ್ನೊಂದು ತಪ್ಪು "ತಳ್ಳಬೇಡಿ" ಎಂದದ್ದು. ನಮ್ಮ ಮಾತಿನಲ್ಲಿ ಬೇಡ ಎನ್ನುವುದು ಬರುವುದು ಕೊನೆಗೆ. ತಮಟೆಯ ಸದ್ದಿನಲ್ಲಿ ಆ ಕೊನೆ ಮುಳುಗಿದರೆ ಉಳಿಯುವುದು ತಳ್ಳುವುದು, ಓಡುವುದು ಮಾತ್ರ. ಸಾಲಾಗಿ ಕಟ್ಟಿದ ಹಾರ್ನ್‌ಗಳೂ ಇದಕ್ಕೆ ಸೇರಿಕೊಳ್ಳುತ್ತವೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಆಚೆಯ ಹಾರ್ನ್‌ನ ದನಿ ನಮ್ಮ ಕಿವಿಗೆ ತಲುಪುವಾಗ ಸೆಕೆಂಡಿನ ಮೂರನೇ ಒಂದು ಭಾಗ ತಡ, ಅಷ್ಟರಲ್ಲಿ ಎರಡು ಅಕ್ಷರ ಮುಂದೆ ಹೋಗಿರುತ್ತೇವೆ. ಹತ್ತಿರದ ದನಿಯ ಮೇಲೆ ದೂರದ ದನಿ ಕೂತು ಮಾತು ಕಲಸಿಹೋಗುತ್ತದೆ. ಅದಕ್ಕೆ ಒಂದು ವಾಕ್ಯಕ್ಕೆ ಒಂದೇ ಕೆಲಸ, ಆಮೇಲೆ ಒಂದು ಉಸಿರಿನಷ್ಟು ಬಿಡುವು. ಮಾಡಬಾರದ್ದು ಬಿಟ್ಟು ಮಾಡಬೇಕಾದ್ದು: "ನಿಂತುಕೊಳ್ಳಿ", "ನಿಧಾನ ನಡೆಯಿರಿ", "ಮಕ್ಕಳನ್ನು ಎತ್ತಿಕೊಳ್ಳಿ".

ಜನ ಹೆದರುತ್ತಾರೆಂದು ವಿಷಯ ಮುಚ್ಚಿಡುವುದೇ ಶಾಂತಿಯಿಂದ ಹೇಳುವುದು ಎಂದು ತುಂಬ ಜನ ತಿಳಿದಿದ್ದಾರೆ. ನಾನೂ ಮುಂದಿನ ವರ್ಷ ಹಾಗೇ ಮಾಡಬೇಕೆಂದಿದ್ದೆ. ಅದು ತಪ್ಪೆಂದು ತೋರಿಸಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಮಾನ್ಯುಮೆಂಟ್ ನಿಲ್ದಾಣ. ನೆಲದಡಿಯ ಆ ರೈಲು ನಿಲ್ದಾಣದಲ್ಲಿ ಪ್ರೂ ಮತ್ತು ಸೈಮ್ ಎಂಬ ಇಬ್ಬರು ಸಂಶೋಧಕರು ನಡೆಸಿದ ಪರೀಕ್ಷೆಯ ವರದಿ 1991ರಲ್ಲಿ ಬಂತು. ಬರೀ ಅಪಾಯದ ಗಂಟೆ ಬಾರಿಸಿದಾಗ ಜನ ಸುಲಭಕ್ಕೆ ಕದಲಲಿಲ್ಲ. ಏನಾಗಿದೆ, ಯಾವ ಕಡೆ ಹೋಗಬೇಕು ಎಂದು ಮನುಷ್ಯರ ದನಿಯಲ್ಲಿ ಹೇಳಿದಾಗ ಬೇಗನೆ, ಸರಿಯಾದ ದಾರಿಯಲ್ಲಿ ಹೊರಟರು. ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ 11 ಜನ ಸತ್ತರು. ಅಂದು ಗೆದ್ದ ಕ್ರಿಕೆಟ್ ತಂಡದ ಮೆರವಣಿಗೆ ಇಲ್ಲವೆಂದು ಒಂದು ಕಡೆಯಿಂದ, ಇದೆಯೆಂದು ಇನ್ನೊಂದು ಕಡೆಯಿಂದ ಸುದ್ದಿ ಬಂದಿತ್ತು. ಒಳಗೆ ಎಷ್ಟು ಜಾಗವಿದೆ, ಹೊರಗೆ ಎಷ್ಟು ಜನ ಸೇರಿದ್ದಾರೆ ಎಂಬುದು ದಾರಿಯಲ್ಲಿದ್ದವರಿಗೆ ತಲುಪಬೇಕಿತ್ತು. ಆ ಹನ್ನೊಂದು ಮನೆಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಜನ ನುಗ್ಗುವುದು ತಪ್ಪಿಹೋಗುತ್ತದೆ ಎಂಬ ಆತಂಕದಿಂದ. ತೇರು ಸಿಗುವುದಿಲ್ಲ, ಹಣ್ಣು ಜವನ ಎಸೆಯಲಾಗುವುದಿಲ್ಲ ಎಂಬ ಆತಂಕ. ಆದ್ದರಿಂದ ಈಗಿನ ಪ್ರಕಟಣೆಯನ್ನು ಕಟ್ಟಿರುವುದು ಆ ಆತಂಕ ತೆಗೆಯುವುದಕ್ಕೆ. ತೇರಿಗೆ ಒಂದು ಗಂಟೆ ಮೊದಲೇ ಶುರು, ಆಗ ಜಾಗ ಸಡಿಲವಾಗಿರುತ್ತದೆ:

"ನಮಸ್ಕಾರ. ಇದು ಗುಡಿಯ ಮುಂದಿನ ಮೈಕು. ತೇರು ಹನ್ನೆರಡೂವರೆಗೆ ಹೊರಡುತ್ತದೆ. ಒಂದು ಗಂಟೆ ಹೊತ್ತು ಬೀದಿಯಲ್ಲಿ ಇರುತ್ತದೆ. ನಿಂತಲ್ಲಿಂದಲೇ ಎಲ್ಲರಿಗೂ ಕಾಣುತ್ತದೆ. ತೇರು ನೆಲೆಗೆ ಬಂದ ಮೇಲೂ ಹಣ್ಣು ಜವನ ಒಪ್ಪಿಸಬಹುದು. ಗುಡಿಯ ಮುಂದೆ ಈಗ ಜಾಗ ತುಂಬುತ್ತಾ ಬಂದಿದೆ. ಚನ್ನಪಟ್ಟಣದ ಕಡೆಯಿಂದ ಬರುತ್ತಿರುವವರು ಈಗ ಇರುವಲ್ಲೇ ನಿಂತುಕೊಳ್ಳಿ. ರಾಮನಗರದ ಕಡೆ ರಸ್ತೆ ಖಾಲಿ ಇದೆ, ವಯಸ್ಸಾದವರು, ಮಕ್ಕಳಿರುವವರು ಆ ಕಡೆ ನಿಧಾನ ನಡೆಯಿರಿ. ಹತ್ತು ನಿಮಿಷಕ್ಕೆ ಮತ್ತೆ ಹೇಳುತ್ತೇನೆ."

ಗಂಟೆ ಆಯಾ ವರ್ಷದ ಮುಹೂರ್ತದ್ದು, ಯಾವ ಕಡೆ ಖಾಲಿ ಎಂಬುದು ಆಯಾ ಹೊತ್ತಿನದು. ಅದನ್ನು ನೋಡಿ ಹೇಳಲು ಎತ್ತರದಲ್ಲಿ ಒಬ್ಬರು ನಿಂತಿರುತ್ತಾರೆ. ಕಾಣದೆ ನಾನು ಒಂದು ಮಾತೂ ಆಡುವುದಿಲ್ಲ. ಹತ್ತು ನಿಮಿಷ ಎಂದಮೇಲೆ ಹೊಸ ಸುದ್ದಿ ಇಲ್ಲದಿದ್ದರೂ ಹತ್ತನೇ ನಿಮಿಷಕ್ಕೆ ಮೈಕು ಹಿಡಿಯಲೇಬೇಕು, ಇಲ್ಲವಾದರೆ ಗಾಳಿಸುದ್ದಿ ಆ ಜಾಗ ತುಂಬುತ್ತದೆ. ತೇರು ತಡವಾದರೆ ತಡ ಎಂದೂ ಯಾಕೆ ಎಂದೂ ಹೇಳುತ್ತೇವೆ. ದನದ ಬಯಲಿನ ಹಾರ್ನ್ ದನಿ ಕಡಿಮೆ ಇಟ್ಟಿರುತ್ತೇವೆ, ಹಠಾತ್ ಸದ್ದಿಗೆ ಬೆದರಿ ಹೋರಿ ಗೂಟ ಕಿತ್ತರೆ ಬೇರೆಯದೇ ಅನಾಹುತ.

ಮಾತಿಗೂ ಒಂದು ಮಿತಿ ಇದೆ. ತಲೆಗಳ ಸಾಲು ಒಟ್ಟಿಗೆ ಆ ಕಡೆ ಈ ಕಡೆ ತೂಗತೊಡಗಿದರೆ, ಕೈಗಳು ಮೇಲೆದ್ದು ಕೆಳಗಿಳಿಯದಿದ್ದರೆ, ಮಕ್ಕಳನ್ನು ತಲೆಯ ಮೇಲಿಂದ ದಾಟಿಸತೊಡಗಿದರೆ ಪ್ರಕಟಣೆಯ ಹೊತ್ತು ಮೀರಿತೆಂದೇ ಅರ್ಥ. ಆಗ ಗಾಲಿಗೆ ಅಡ್ಡ ಮರ ಕೊಟ್ಟು ತೇರು ನಿಲ್ಲಿಸಬೇಕು, ಅಂಚಿನಿಂದ ಜನರನ್ನು ಬಿಡಿಸಿಕೊಂಡು ಬರಬೇಕು, ಮೈಕು ಹಿಂದಿನವರೊಡನೆ ಮಾತ್ರ ಮಾತಾಡುತ್ತಿರಬೇಕು. ಇಷ್ಟೂ ತಮಟೆ ನಿಂತರೆ ಮಾತ್ರ ಸಾಧ್ಯ. ಹಾಗಾಗಿ ಜಾತ್ರೆಯ ಹಿಂದಿನ ಸಂಜೆ ತಮಟೆಯವರ ಬಳಿ ಹೋಗಿ ಮಾತಾಡಿಕೊಳ್ಳುತ್ತೇನೆ: ಬಿಳಿ ಟವೆಲ್ ಎತ್ತಿದರೆ ಬಡಿತ ನಿಲ್ಲಬೇಕು, ಇಳಿಸಿದರೆ ಶುರು. ಅವರ ಹಿರಿಯರು ಎರಡು ಸಲ ಎತ್ತಿಸಿ ಇಳಿಸಿ ನೋಡಿಯೇ ಒಪ್ಪುವುದು.