ಒಂದೇ ಮೇಜು, ಎರಡು ಸಂಬಳ

ಆಗ ನಮ್ಮ ಆಫೀಸಿನಲ್ಲಿ ಲೆಕ್ಕ ಬರೆಯುವವರು ಇಬ್ಬರು. ಗುಬ್ಬಿಯಿಂದ ರೈಲಿನಲ್ಲಿ ಬರುವ ಹುಡುಗನೊಬ್ಬ, ತುಮಕೂರಿನವಳೇ ಆದ ನಾನು. ಇಬ್ಬರದೂ ಬಿ.ಕಾಂ., ಸೇರಿದ್ದೂ ಒಂದೇ ವರ್ಷ. 2016ರಲ್ಲಿ ಒಂದು ದಿನ ಅವನು ಬೈಕ್ ಸಾಲದ ಅರ್ಜಿ ತಂದು, “ಅಕ್ಕಾ, ಸ್ವಲ್ಪ ತುಂಬಿಕೊಡಿ” ಎಂದು ಸಂಬಳದ ಚೀಟಿಯನ್ನೂ ಮುಂದಿಟ್ಟ. ನನ್ನದಕ್ಕಿಂತ 2,600 ರೂಪಾಯಿ ಹೆಚ್ಚು!

ಹೊಟ್ಟೆಯೊಳಗೆ ಖಾರ ಕಲಸಿದಂತಾಯಿತು. ಆದರೂ ಬಾಯಿ ತೆರೆಯಲಿಲ್ಲ. ರಾತ್ರಿ ಪಾತ್ರೆ ತೊಳೆದಿಟ್ಟು ನನ್ನ ಚೀಟಿ ಹರವಿಕೊಂಡು ಕೂತೆ. ಅವನ ಹೆಚ್ಚಿಗೆಯಲ್ಲಿ 600 ರೂಪಾಯಿ ಕುಣಿಗಲ್ಲಿನ ಗೋದಾಮಿಗೆ ಓಡಾಡುವ ಭತ್ಯೆ. ಅದು ನ್ಯಾಯವೇ. ಉಳಿದ 2,000 ಮಾತ್ರ ಮೂಲ ವೇತನದಲ್ಲೇ ಇತ್ತು: ಅವನಿಗೆ 13,500, ನನಗೆ 11,500. ಪಿ.ಎಫ್. ಕಡಿತವೂ ಅದಕ್ಕೇ ಸಾಕ್ಷಿ ಹೇಳಿತು. ನೂರಕ್ಕೆ 12ರಂತೆ ಅವನದು 1,620, ನನ್ನದು 1,380. ಕೈಗೆ ಬರುವ ಮೊತ್ತವನ್ನೇ ಹೋಲಿಸಿದ್ದರೆ ಭತ್ಯೆ, ಸಾಲದ ಕಂತು ಎಲ್ಲ ಕಲೆತು ನಾನೇ ಎಡವುತ್ತಿದ್ದೆ.

ಮರುದಿನ ಹುಡುಗನಿಗೆ ವಿಷಯ ತಿಳಿಸಿದೆ. “ನನ್ನ ಸಂಬಳ ಇಳಿಸಿಬಿಟ್ಟರೆ ಅಕ್ಕಾ?” ಎಂದು ಹೆದರಿದ. ಹಾಗೆ ಇಳಿಸುವಂತಿಲ್ಲ. ಹೆಂಗಸಿನ ಸಂಬಳ ಸರಿದೂಗಿಸಲು ಇನ್ನೊಬ್ಬರ ಸಂಬಳ ಕಡಿಮೆ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಈಗ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಅಷ್ಟು ಹೇಳಿದ ಮೇಲೆ ಅವನು ಒಪ್ಪಿದ.

ತಿಂಗಳ ಲೆಕ್ಕ ಮುಗಿದ ಮೇಲೆ, ಊಟವಾಗಿ ಸಾಹುಕಾರರು ಒಬ್ಬರೇ ಕೂತಿದ್ದಾಗ ಒಳಗೆ ಹೋದೆ. ಒಂದೇ ಪುಟದ ಅರ್ಜಿ: ಎಡಕ್ಕೆ ನಮ್ಮಿಬ್ಬರ ಕೆಲಸ, ಬಲಕ್ಕೆ ಮೂಲ ವೇತನ. “ಸಾರ್, ನಾನು ತಪ್ಪು ತಿಳಿದಿದ್ದರೆ ತಿದ್ದಿ” ಎಂದೆ.

“ಅವನು ಸಂಸಾರ ಸಾಕೋನಮ್ಮಾ. ನಿನಗೆ ಯಜಮಾನರ ದುಡಿಮೆ ಇದೆಯಲ್ಲ?”

“ಲೆಕ್ಕದ ಪುಸ್ತಕ ಅದನ್ನು ಕೇಳೋದಿಲ್ಲವಲ್ಲ ಸಾರ್. ಅನುಭವದಲ್ಲೋ ಕೆಲಸದಲ್ಲೋ ವ್ಯತ್ಯಾಸವಿದ್ದರೆ ಹೇಳಿ, ಒಪ್ಪಿಕೊಳ್ತೀನಿ.”

ಅವರು ಮಾತಾಡಲಿಲ್ಲ. “ವ್ಯಾಪಾರ ಡಲ್ಲು” ಎಂದರು. ಬೊಂಬಾಯಿಯ ಸ್ಟೆನೋಗ್ರಾಫರ್ ಆಡ್ರಿ ಡಿಕೋಸ್ಟಾ ಅವರ ಮೊಕದ್ದಮೆಯಲ್ಲಿ ಕಂಪನಿಯೂ ಹೀಗೇ ಹಣದ ಅಡಚಣೆ ಹೇಳಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಆ ನೆಪ ಒಪ್ಪಲಿಲ್ಲ. ಇದು ನನಗೆ ಗೊತ್ತಿತ್ತು; ಆದರೆ ಮೊದಲ ದಿನವೇ ಕೋರ್ಟಿನ ಹೆಸರೆತ್ತಿದರೆ ಮಾತು ಮುರಿಯುತ್ತದೆಂದು ಸುಮ್ಮನಾದೆ. ಅರ್ಜಿಯ ಪ್ರತಿಯ ಮೇಲೆ ತಲುಪಿದ್ದಕ್ಕೆ ಸಹಿ ಮಾತ್ರ ಹಾಕಿಸಿಕೊಂಡು ಬಂದೆ.

ಏಪ್ರಿಲ್‌ನಿಂದ ನನ್ನ ಮೂಲ ವೇತನ 13,500 ಆಯಿತು. ಹಿಂದಿನ ಬಾಕಿ ಬರಲಿಲ್ಲ. ಹುಡುಗನ ಬೈಕು ಬಂತು. ಆ ಪ್ರತಿ ಇಂದಿಗೂ ನನ್ನ ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗಿದೆ.