ಐದು ಎಕರೆ ಮೂವತ್ತಾರು

ನಾನು ಹುಡುಗನಿದ್ದಾಗ ನಮ್ಮ ಹೊಸಹಳ್ಳಿ ಕಡೆ ಗುತ್ತಿಗೆ ಮಾತು ಮುಗಿಯುತ್ತಿದ್ದುದು ಹೊಲದ ಬದುವಿನ ಮೇಲೆಯೇ. ಹುಣಸೆಮರದ ಹೊಲ, ಹಳ್ಳದ ದಂಡೆ ಹೊಲ ಎಂದರೆ ಸಾಕು, ಅಳತೆ ಯಾರೂ ಕೇಳುತ್ತಿರಲಿಲ್ಲ. ಗಾಳಿಯಂತ್ರದವರು, ಸೋಲಾರಿನವರು ಜಮೀನು ಹುಡುಕಿಕೊಂಡು ಬಂದ ಮೇಲೆ ಕರಾರು ಪತ್ರ ಬಂತು, ಪತ್ರದೊಳಗೆ ಹೆಕ್ಟೇರು ಬಂತು.

ನಮ್ಮ ಕೂಡ್ಲಿಗಿ ಸೀಮೆ 1953ರ ತನಕ ಮದ್ರಾಸು ಆಡಳಿತದಲ್ಲಿತ್ತು. ಆ ಕಾಲದ ಸರ್ವೆಯಲ್ಲಿ ಎಕರೆಗೆ ನೂರು ಸೆಂಟು. ಗಡಿ ದಾಟಿ ಜಗಳೂರಿಗೆ ಹೋದರೆ ಹಳೇ ಮೈಸೂರಿನ ಲೆಕ್ಕ, ಎಕರೆಗೆ ನಲವತ್ತು ಗುಂಟೆ. ಎರಡೂ ಕಡೆ ಹೊಲವಿದ್ದ ಮನೆಗಳಿಗೆ ಇದು ಗೊತ್ತಿತ್ತು. ದೂರದ ಊರಿನಲ್ಲಿ ಕರಾರು ಬರೆಯುವವರಿಗೆ ಗೊತ್ತಿರಲಿಲ್ಲ.

ನಾನು ಕಂಡ, ನಮ್ಮ ಕಡೆಯ ಹೊಲವೊಂದರ ಕರಡಿನಲ್ಲಿ ಹೀಗಾಗಿತ್ತು. ಪಹಣಿಯಲ್ಲಿ 5-36 ಎಂದಿತ್ತು. ಬರೆದವರು ಅದನ್ನು 5 ಎಕರೆ 36 ಗುಂಟೆ ಎಂದು ಓದಿ, 36ನ್ನು 40ರಿಂದ ಭಾಗಿಸಿ 5.90 ಎಕರೆ ಮಾಡಿ, 2.39 ಹೆಕ್ಟೇರ್ ಎಂದು ಹಾಕಿದ್ದರು. ಪತ್ರ ಬರೆಯುವ ಹಿರಿಯರೊಬ್ಬರು ಕರಡು ನೋಡಿದವರೇ, "ಇದು ಗುಂಟೆ ಅಲ್ರೀ, ಸೆಂಟು. ಇರೋದು ಐದು ಎಕರೆ ಮೂವತ್ತಾರು ಸೆಂಟು ಅಷ್ಟೇ" ಎಂದರು. 5.36 ಎಕರೆಯನ್ನು 0.4047ರಿಂದ ಗುಣಿಸಿದರೆ ಬರುವುದು 2.17 ಹೆಕ್ಟೇರ್. ಇಲ್ಲದ 54 ಸೆಂಟು ಕಾಗದದ ಮೇಲೆ ಹುಟ್ಟಿತ್ತು. ಎಕರೆಗೆ ವರ್ಷಕ್ಕೆ 25,000 ರೂಪಾಯಿ ಎಂದಿಟ್ಟುಕೊಂಡರೆ 13,500 ರೂಪಾಯಿ ವ್ಯತ್ಯಾಸ. ರೈತನಿಗೆ ಲಾಭವೆಂದು ಸುಮ್ಮನಿರುವಂತಿಲ್ಲ. ಮುಂದೆ ಸರ್ವೆಯಾಗಿ ಜಾಗ ಕಡಿಮೆ ಬಿದ್ದರೆ ಕೊಟ್ಟ ಹಣ ಹಿಂದಕ್ಕೆ ಕೇಳುತ್ತಾರೆ. ಜಗಳೂರು ಕಡೆಯ 5-36 ಅನ್ನು ಸೆಂಟೆಂದು ಓದಿದರೆ ಅಷ್ಟೇ ನೆಲದ ಗುತ್ತಿಗೆ ರೈತನ ಕೈತಪ್ಪುತ್ತದೆ.

ಗುರುತು ಹಿಡಿಯುವುದನ್ನು ಆ ಹಿರಿಯರೇ ಹೇಳಿಕೊಟ್ಟರು. ಎಕರೆಯ ಮುಂದಿನ ಅಂಕಿ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗುಂಟೆ ಆಗಲಾರದು, ಸೆಂಟೇ. 39ರ ಒಳಗಿದ್ದರೆ ಅಂಕಿ ನೋಡಿ ಹೇಳಲಾಗದು. ಅದೇ ಊರಿನ ನಾಲ್ಕಾರು ಪಹಣಿ ತೆಗೆದು ನೋಡಬೇಕು. ಸೆಂಟಿನ ಊರಾದರೆ ಎಲ್ಲೋ ಒಂದರಲ್ಲಿ 62, 85 ಸಿಕ್ಕೇ ಸಿಗುತ್ತದೆ.

ಬಾಯಿಲೆಕ್ಕದ ಇನ್ನೊಂದು ತೊಡಕೂ ಇದೆ. ಹೆಕ್ಟೇರಿಗೆ ಎರಡೂವರೆ ಎಕರೆ ಎಂದು ಎಲ್ಲರೂ ಹೇಳುತ್ತಾರೆ, ನಿಜಕ್ಕೆ 2.47. ಒಂದು ಹೆಕ್ಟೇರಿನಲ್ಲಿ ಮೂರು ಸೆಂಟಿನ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ಹೆಕ್ಟೇರಿಗೆ ಅದು 29 ಸೆಂಟು. ಆದ್ದರಿಂದ ಬಾಡಿಗೆಯನ್ನು ಪಹಣಿಯ ಎಕರೆ–ಸೆಂಟಿನ ಮೇಲೆಯೇ ಕಟ್ಟಬೇಕು, ಹೆಕ್ಟೇರು ಪಕ್ಕದಲ್ಲಿರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಕರಡನ್ನು ಹಾಗೆಯೇ ತಿದ್ದಿಸಿದರು. ಸರ್ವೆ ನಂಬರು, ಚಕ್ಕುಬಂದಿಯ ಕೆಳಗೆ ಅಕ್ಷರದಲ್ಲಿ "ಐದು ಎಕರೆ ಮೂವತ್ತಾರು ಸೆಂಟು", ಅದರ ಮುಂದೆ 2.17 ಹೆಕ್ಟೇರ್, ಎಕರೆಗೆ ನೂರು ಸೆಂಟು ಎಂಬ ಒಂದು ಸಾಲು. ಖರಾಬು ಇದರೊಳಗೆ ಸೇರಿದೆಯೋ ಇಲ್ಲವೋ ಎಂಬುದನ್ನೂ ಅಲ್ಲೇ ಬರೆಸಿ, ಆಮೇಲೆ ರುಜು ಹಾಕಿದರು.