ಒಬ್ಬರೇ ಸಿದ್ದಲಿಂಗಯ್ಯ, ಮೂರು ಹೆಸರು

ರಾಮನಗರ ಕಡೆಯ ಹೋರಾಟದ ಹಾಡುಗಳ ಬಗ್ಗೆ ಕನಕಪುರದ ತಮ್ಮನೊಬ್ಬ ಬರೆದ ಹಸ್ತಪ್ರತಿ ನೋಡ್ತಿದ್ದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ನಮ್ಮ ಕವಿ ಅದರಲ್ಲಿ ಮೂವರಾಗಿದ್ರು: ‘ಸಿದ್ದಲಿಂಗಯ್ಯ 1975’, ‘ಡಾ. ಸಿದ್ದಲಿಂಗಯ್ಯ’, ಇನ್ನೊಂದು ಕಡೆ ‘ಸಿದ್ಧಲಿಂಗಯ್ಯ’!

ತಮ್ಮ ಸ್ಟೈಲ್ ಬದಲಿಸಿ ಬದಲಿಸಿ ಸುಸ್ತಾಗಿದ್ದ. ಎಡವಟ್ಟು ಇದ್ದದ್ದು ಹೆಸರಲ್ಲಿ. ಎಲ್ಲರಿಗೂ ಮನೆತನದ ಹೆಸರಿರುತ್ತೆ ಅನ್ನೋ ಲೆಕ್ಕದಲ್ಲಿ Zotero ಎರಡು ಖಾನೆ ಇಟ್ಟಿದೆ. ‘ಡಾ.’ ಮೊದಲ ಹೆಸರಿನ ಖಾನೆಗೆ ಬಿದ್ದರೆ ಇವರು ಬೇರೆಯವರು ಅಂದ್ಕೊಂಡು, ವ್ಯತ್ಯಾಸ ತೋರಿಸೋಕೆ ಪಠ್ಯದೊಳಗೂ ಅದನ್ನ ತಂದು ಕೂರಿಸುತ್ತೆ.

Creator ಕಾಲಂ ಪ್ರಕಾರ ಜೋಡಿಸಿದ್ವಿ, ಮೂರೂ ಸಿಕ್ಕವು. ಹೆಸರಿನ ಪಕ್ಕದ ಗುಂಡಿ ಒತ್ತಿ ಒಂದೇ ಖಾನೆ ಮಾಡಿ, ‘ಡಾ.’ ತೆಗೆದು, ಕಾಗುಣಿತ ಒಂದೇ ಮಾಡಿದ್ವಿ. ಆಮೇಲೆ ವರ್ಡ್‌ನಲ್ಲಿ Refresh. ಉಲ್ಲೇಖವನ್ನ ವರ್ಡ್‌ನೊಳಗೇ ಕೈಯಾರೆ ತಿದ್ದಬೇಡಿ. ಆ ಒಂದು ಉಲ್ಲೇಖ ಮುಂದೆ ತಾನಾಗಿ ಬದಲಾಗೋದು ನಿಂತುಹೋಗುತ್ತೆ.